ಕಫಿಯ್ಯಾ ಬರೀ ‘ಚೆಕ್ಸ್ ಸ್ಕಾರ್ಫ್’ ಅಲ್ಲ: ಇನ್ನೊಬ್ಬರ ಉಡುಗೆಯ ಬಗ್ಗೆ ಬರೆಯುವಾಗ ತಪ್ಪುವುದು ಎಲ್ಲಿ?

ಗಲ್ಫ್‌ನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಚೌಕುಳಿ ಶಾಲು ಒಂದಾದರೂ ಇರುತ್ತದೆ. ಈಗ ಅದೇ ಶಾಲು ಆನ್‌ಲೈನ್ ಬಟ್ಟೆ ಅಂಗಡಿಗಳಲ್ಲಿ ‘ಬೋಹೋ ಸ್ಕಾರ್ಫ್’, ‘ಡೆಸರ್ಟ್ ಲುಕ್’ ಅಂತೆಲ್ಲಾ ಹೆಸರು ಹೊತ್ತು ಮಾರಾಟವಾಗುತ್ತಿದೆ. ಬೇರೆಯವರ ಉಡುಗೆ ತೊಡುವುದು ತಪ್ಪೇ ಎಂಬ ಚರ್ಚೆ ಯಾವಾಗಲೂ ಇದೆ. ಆದರೆ ಹೆಚ್ಚಿನ ಸಲ ಎಡವಟ್ಟಾಗುವುದು ತೊಡುವುದರಲ್ಲಿ ಅಲ್ಲ, ಅದರ ಕೆಳಗೆ ಬರೆಯುವ ಎರಡು ಸಾಲಿನಲ್ಲಿ.

ಕಫಿಯ್ಯಾ ಮೊದಲಿಗೆ ಫೆಲೆಸ್ತೀನಿನ ರೈತರ ಮತ್ತು ಬದೂವಿಗಳ ತಲೆವಸ್ತ್ರ. ಬಿಸಿಲು, ಧೂಳು ತಡೆಯಲು ಸುತ್ತಿಕೊಳ್ಳುತ್ತಿದ್ದರು. ಪಟ್ಟಣದ ಗಂಡಸರು ಆಗ ತರ್ಬೂಶ್, ಅಂದರೆ ಕೆಂಪು ಟೊಪ್ಪಿ ಹಾಕುತ್ತಿದ್ದರು. 1936ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಶುರುವಾದಾಗ ಹಳ್ಳಿಯ ಹೋರಾಟಗಾರರು ಪಟ್ಟಣಕ್ಕೆ ಬಂದರೆ ತಲೆಯ ಕಫಿಯ್ಯಾ ನೋಡಿಯೇ ಸೈನಿಕರು ಗುರುತು ಹಿಡಿಯುವಂತಾಗಿತ್ತು. ಅದಕ್ಕೆ 1938ರಲ್ಲಿ ದಂಗೆಯ ನಾಯಕರು ಪಟ್ಟಣದವರೂ ಟೊಪ್ಪಿ ಬಿಟ್ಟು ಕಫಿಯ್ಯಾ ಧರಿಸಬೇಕು ಎಂದು ಆದೇಶ ಕೊಟ್ಟರು. ಎಲ್ಲರ ತಲೆಯಲ್ಲೂ ಒಂದೇ ಬಟ್ಟೆ ಇದ್ದರೆ ಯಾರು ಹೋರಾಟಗಾರ ಅಂತ ಹೇಗೆ ಗೊತ್ತಾಗಬೇಕು? ಅಲ್ಲಿಂದ ಅದು ಒಂದು ಜನರ ಗುರುತಾಯಿತು. ಮುಂದೆ ಯಾಸಿರ್ ಅರಾಫತ್ ತಲೆಯ ಮೇಲೆ ಜಗತ್ತು ನೋಡಿದ್ದು ಇದನ್ನೇ.

ಈ ಕಥೆ ಗೊತ್ತಿದ್ದರೆ ಮುಂದಿನ ಎರಡು ಘಟನೆ ಅರ್ಥವಾಗುತ್ತದೆ. 2007ರಲ್ಲಿ ಅಮೆರಿಕದ ಅರ್ಬನ್ ಔಟ್‌ಫಿಟರ್ಸ್ ಮಳಿಗೆ ಕಫಿಯ್ಯಾವನ್ನು ‘ಯುದ್ಧ ವಿರೋಧಿ ನೇಯ್ಗೆ ಸ್ಕಾರ್ಫ್’ ಎಂಬ ಹೆಸರಲ್ಲಿ ಮಾರಾಟಕ್ಕಿಟ್ಟಿತು. ಬಟ್ಟೆ ಅದೇ, ಹೆಸರು ಮಾತ್ರ ಬೇರೆ. ವಿರೋಧ ಬಂದಾಗ ಹಿಂತೆಗೆದುಕೊಂಡಿತು. ಇಲ್ಲಿ ನಡೆದದ್ದು ಹೆಸರಿನ ಅಳಿಸುವಿಕೆ. ಗ್ರಾಹಕನಿಗೆ ಇದು ಕಂಪೆನಿಯದೇ ಡಿಸೈನ್ ಅನಿಸುತ್ತದೆ.

2021ರಲ್ಲಿ ಲೂಯಿ ವಿಟಾನ್ ಹಾಗೆ ಮಾಡಲಿಲ್ಲ. ಕಫಿಯ್ಯಾ ಎಂಬ ಹೆಸರನ್ನೇ ಬಳಸಿತು, ಅದರಿಂದ ಪ್ರೇರಣೆ ಪಡೆದದ್ದು ಎಂದೂ ಬರೆಯಿತು. ಬೆಲೆ 705 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 50 ಸಾವಿರ ರೂಪಾಯಿ. ಆದರೆ ಆ ಶಾಲು ನೀಲಿ-ಬಿಳಿ, ಅಂದರೆ ಇಸ್ರೇಲ್ ಧ್ವಜದ ಬಣ್ಣ. ಅದರ ಮೇಲೆ ಕಂಪೆನಿಯ ಚಿಹ್ನೆ. ವಿವರಣೆಯಲ್ಲಿ ಫೆಲೆಸ್ತೀನಿನ ಜನರೇ ಇಲ್ಲ. ಟೀಕೆ ಜೋರಾದ ಮೇಲೆ ಅದು ವೆಬ್‌ಸೈಟ್‌ನಿಂದ ಮಾಯವಾಯಿತು. ಹೆಸರು ಹೇಳಿದರೆ ಸಾಲದು, ಯಾರದ್ದು ಎಂಬುದೂ ಬೇಕು ಅಂತ ಇದರಿಂದ ತಿಳಿಯುತ್ತದೆ.

ಇನ್ನೊಂದು ಮಗ್ಗುಲು ತಯಾರಕರದ್ದು. ಹೆಬ್ರಾನ್‌ನಲ್ಲಿ 1961ರಲ್ಲಿ ಶುರುವಾದ ಹಿರ್ಬಾವಿ ಕಾರ್ಖಾನೆ ಇಂದಿಗೂ ಕಫಿಯ್ಯಾ ನೇಯುತ್ತಿದೆ. 1990ರ ದಶಕದಲ್ಲಿ ಅಗ್ಗದ ವಿದೇಶಿ ಮಾಲು ಮಾರುಕಟ್ಟೆಗೆ ನುಗ್ಗಿದಾಗ ಅದರ ಮಗ್ಗಗಳಲ್ಲಿ ಹೆಚ್ಚಿನವು ನಿಂತುಹೋದವು. ‘ಚೆಕ್ಸ್ ಸ್ಕಾರ್ಫ್’ ಎಂದು ಬರೆದರೆ ಗ್ರಾಹಕನಿಗೆ ಅಸಲು ಎಲ್ಲಿ ಸಿಗುತ್ತದೆ ಎಂದು ಹುಡುಕಲು ದಾರಿಯೇ ಇರುವುದಿಲ್ಲ. ಹೆಸರು ಹೋದರೆ ವ್ಯಾಪಾರವೂ ಹೋಗುತ್ತದೆ.

ಹಾಗಂತ ಹೊರಗಿನವರು ಮುಟ್ಟಬಾರದು ಎಂದಲ್ಲ. ಹಿರ್ಬಾವಿಯವರೇ ಜಗತ್ತಿಗೆಲ್ಲ ಮಾರುತ್ತಾರೆ. ಬೆಂಬಲ ತೋರಿಸಲು ಧರಿಸುವವರನ್ನು ಎಷ್ಟೋ ಫೆಲೆಸ್ತೀನಿಯರು ಸ್ವಾಗತಿಸುತ್ತಾರೆ. ಅತ್ತ ಕಡೆಯ ತಪ್ಪೂ ಇದೆ: ಚೌಕುಳಿ ಕಂಡ ಕೂಡಲೇ ‘ಫೆಲೆಸ್ತೀನಿ’ ಎಂದು ಬರೆಯುವುದು. ಕೆಂಪು-ಬಿಳಿಯದ್ದು ಹೆಚ್ಚಾಗಿ ಜೋರ್ಡಾನ್, ಸೌದಿ ಕಡೆಯ ಶಿಮಾಗ್. ಕಪ್ಪು-ಬಿಳಿ, ಮೀನುಬಲೆಯಂಥ ವಿನ್ಯಾಸದ್ದು ಫೆಲೆಸ್ತೀನಿನ ಗುರುತು. ಬಲೆ ಸಮುದ್ರದ್ದು, ಅಂಚಿನ ಎಲೆ ಆಲಿವ್‌ನದ್ದು ಎಂಬುದು ಜನ ಕೊಟ್ಟ ಅರ್ಥ. ಅದನ್ನು ‘ಹೀಗೆ ಹೇಳುತ್ತಾರೆ’ ಎಂದೇ ಬರೆಯಬೇಕು.

ಇನ್‌ಸ್ಟಾದಲ್ಲಿ ಬಟ್ಟೆ ಮಾರುವ ನಮ್ಮ ಹುಡುಗ-ಹುಡುಗಿಯರು ಸೂರತ್‌ನಿಂದ ತರಿಸಿದ ಕಪ್ಪು-ಬಿಳಿ ಶಾಲಿಗೆ ‘ಅರೇಬಿಯನ್ ಟ್ರೆಂಡಿ ಸ್ಕಾರ್ಫ್’ ಎಂದು ಬರೆಯುತ್ತಾರೆ ಅಂತಿಟ್ಟುಕೊಳ್ಳಿ. ಸರಿಯಾದ ಸಾಲು ಹೀಗಿರಬಹುದು: ‘ಫೆಲೆಸ್ತೀನಿನ ಕಫಿಯ್ಯಾ ಮಾದರಿಯ ಶಾಲು. ಹತ್ತಿ, ಯಂತ್ರದ ನೇಯ್ಗೆ, ತಯಾರಿ ಸೂರತ್.’ ಯಾರದ್ದು, ಏನು, ಎಲ್ಲಿ ತಯಾರಾಯಿತು, ಮೂರೂ ಬಂತು. ಮಾದರಿ ಎಂಬ ಒಂದು ಪದ ಸೇರಿಸಿದ್ದರಿಂದ ಸುಳ್ಳೂ ಆಗಲಿಲ್ಲ.

ಇದು ಅರಬರ ವಿಷಯ ಮಾತ್ರ ಅಲ್ಲ. 2025ರ ಜೂನ್‌ನಲ್ಲಿ ಮಿಲಾನ್‌ನ ಶೋನಲ್ಲಿ ಪ್ರಾಡಾ ಕೊಲ್ಹಾಪುರಿ ಮಾದರಿ ಚಪ್ಪಲಿ ತೋರಿಸಿ, ‘ಚರ್ಮದ ಸ್ಯಾಂಡಲ್’ ಎಂದಷ್ಟೇ ಕರೆದಿತ್ತು. ಆ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅದು ಮಹಾರಾಷ್ಟ್ರದ ಸೊಲ್ಲಾಪುರ ಸೇರಿ 4 ಜಿಲ್ಲೆಗಳಿಗೂ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. ಜನ ಕೇಳಿದ ಮೇಲೆ ಕಂಪೆನಿ ಭಾರತದ ಕರಕುಶಲತೆಯಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು. ಅವತ್ತು ಸಿಟ್ಟು ಬಂದದ್ದು ನಮ್ಮವರಿಗೆ. ಶಾಲಿನ ಕೆಳಗೆ ಸಾಲು ಬರೆಯುವಾಗ ಅದೊಂದು ನೆನಪಿದ್ದರೆ ಸಾಕು.