ಹುದ್ದೆ ಒಂದು, ಕೆಲಸ ನಾಲ್ಕು

‘ಅಕೌಂಟೆಂಟ್ ಬೇಕಾಗಿದ್ದಾರೆ. ಬಿ.ಕಾಂ. ಆಗಿರಬೇಕು. ಟ್ಯಾಲಿ, ಜಿಎಸ್‌ಟಿ, ಪಿಎಫ್, ಇಎಸ್‌ಐ ಗೊತ್ತಿರಬೇಕು. ಬಿಲ್ಲಿಂಗ್, ಸ್ಟಾಕ್, ಫೋನ್ ಕಾಲ್, ಪೇಮೆಂಟ್ ಫಾಲೋಅಪ್ ನೋಡಿಕೊಳ್ಳಬೇಕು. ಬ್ಯಾಂಕ್ ಕೆಲಸಕ್ಕೆ ಸ್ವಂತ ಟೂವೀಲರ್ ಇರಬೇಕು. ಇನ್‌ಸ್ಟಾಗ್ರಾಂ ಬಂದರೆ ಒಳ್ಳೆಯದು. ಸಂಬಳ 12ರಿಂದ 15 ಸಾವಿರ. ತಕ್ಷಣ ಸೇರುವವರಿಗೆ ಆದ್ಯತೆ.’

ಇದು ಯಾವುದೇ ಒಂದು ಅಂಗಡಿಯ ಜಾಹೀರಾತಲ್ಲ. ಇಂಥ ಎಷ್ಟೋ ಜಾಹೀರಾತುಗಳಲ್ಲಿ ಬರುವ ಸಾಲುಗಳನ್ನು ಒಂದೆಡೆ ಸೇರಿಸಿದ್ದೇನೆ, ಅಷ್ಟೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಪ್ಪತ್ತೆರಡು ಜನ ಕೆಲಸ ಮಾಡುವ ಎಲೆಕ್ಟ್ರಿಕಲ್ ಸಾಮಾನಿನ ಸಗಟು ಅಂಗಡಿಯೊಂದು ಇದನ್ನು ಹಾಕಿದೆ ಎಂದುಕೊಳ್ಳಿ. ಆಗ ತಾನೇ ಡಿಗ್ರಿ ಮುಗಿಸಿದ ಹುಡುಗಿಗೆ ಇದು ‘ಎಲ್ಲಾ ಕೆಲಸ ಕಲಿಯುವ ಅವಕಾಶ’ದ ಹಾಗೆ ಕಾಣುತ್ತದೆ. ಮಾಲೀಕರೂ ಹಾಗೆಯೇ ಹೇಳುತ್ತಾರೆ.

ಪಟ್ಟಿ ಉದ್ದ ಇದೆ ಎಂಬ ಒಂದೇ ಕಾರಣಕ್ಕೆ ಹೆದರಬೇಕಿಲ್ಲ. ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುವವರೇ ಫೋನ್ ಎತ್ತುವುದು, ಅಪರೂಪಕ್ಕೊಮ್ಮೆ ಬ್ಯಾಂಕಿಗೆ ಹೋಗಿಬರುವುದು ಎಲ್ಲ ಇದ್ದದ್ದೇ. ನೋಡಬೇಕಾದ್ದು ಕೆಲಸಗಳ ಸಂಖ್ಯೆಯನ್ನಲ್ಲ, ಅವು ಒಂದೇ ಹೊತ್ತಿಗೆ ಬಂದು ತಲೆ ಮೇಲೆ ಕೂರುತ್ತವೆಯೇ ಎಂಬುದನ್ನು. ಅದಕ್ಕೆ ಕ್ಯಾಲೆಂಡರ್ ಮುಂದಿಟ್ಟುಕೊಂಡರೆ ಸಾಕು.

ತಿಂಗಳಿನ 7ನೇ ತಾರೀಕಿನೊಳಗೆ ಹಿಂದಿನ ತಿಂಗಳು ಹಿಡಿದಿಟ್ಟ ಟಿಡಿಎಸ್ ಕಟ್ಟಬೇಕು. ಎಷ್ಟೋ ಕಡೆ ಸಂಬಳ ಆಗುವುದೂ ಅದೇ ಹೊತ್ತಿಗೆ. 11ಕ್ಕೆ ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್–1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್–3ಬಿ. ಅಂದರೆ ತಿಂಗಳ ಮೊದಲ ಮೂರು ವಾರ ಈ ಕುರ್ಚಿಯಲ್ಲಿ ಕೂತವರು ಒಂದಲ್ಲ ಒಂದು ಗಡುವಿನ ಕೆಳಗೇ ಇರುತ್ತಾರೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ ಬೇರೆ. ಇಷ್ಟನ್ನೇ ನಿಗಾ ಇಟ್ಟು ಮಾಡಿದರೂ ಅದು ಒಬ್ಬರ ಪೂರ್ತಿ ಕೆಲಸ.

ಇದರ ಮೇಲೆ ಬಿಲ್ಲಿಂಗ್ ಇಡಿ. ಸಗಟು ಅಂಗಡಿಯಲ್ಲಿ ಬಿಲ್ಲಿಂಗ್ ಎಂದರೆ ಬಿಡುವಾದಾಗ ಮಾಡುವ ಕೆಲಸವಲ್ಲ. 50 ಸಾವಿರ ದಾಟಿದ ಮಾಲಿಗೆ ಇ–ವೇ ಬಿಲ್ ಆಗದೆ ಗಾಡಿ ಹೊರಡುವಂತಿಲ್ಲ. ಗೋದಾಮಿನ ಮುಂದೆ ಗಾಡಿ ನಿಂತಿದ್ದರೆ ರಿಟರ್ನ್ ಅರ್ಧಕ್ಕೆ ಬಿಟ್ಟು ಏಳಲೇಬೇಕು. ಸ್ಟಾಕ್ ನೋಡಬೇಕಾದರೆ ಗೋದಾಮಿನಲ್ಲಿರಬೇಕು, ಫೋನ್ ನೋಡಬೇಕಾದರೆ ಮೇಜಿನ ಬಳಿ, ಬ್ಯಾಂಕ್ ಕೆಲಸಕ್ಕೆ ರಸ್ತೆಯಲ್ಲಿ. ಜಾಹೀರಾತಿನ ಒಂದೊಂದು ಕೆಲಸದ ಪಕ್ಕದಲ್ಲೂ ‘ಎಲ್ಲಿ’, ‘ಯಾವಾಗ’ ಎಂದು ಬರೆಯುತ್ತಾ ಹೋಗಿ. 11ನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬರೇ ಮೂರು ಕಡೆ ಇರಬೇಕಾಗಿ ಬಂದರೆ ಅಲ್ಲಿ ಮೂರು ಹುದ್ದೆಗಳಿವೆ ಎಂದೇ ಅರ್ಥ.

ಕೆಲಸಗಳು ಒಂದಕ್ಕೊಂದು ಕಾಲುಹಾಕುವ ಬಗೆಯೂ ಇದೆ. ಜಿಎಸ್‌ಟಿಆರ್–1 ತಡವಾಯಿತು ಎನ್ನಿ, ಮಾಲು ಕೊಂಡವರಿಗೆ ಆ ಬಿಲ್ಲು ತಮ್ಮ ಜಿಎಸ್‌ಟಿ ಖಾತೆಯಲ್ಲಿ ಕಾಣುವುದಿಲ್ಲ, ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಪೇಮೆಂಟ್ ಕೇಳಲು ಫೋನ್ ಮಾಡಿದರೆ ‘ಮೊದಲು ನಮ್ಮ ಬಿಲ್ ತೋರಿಸಿ ಮೇಡಂ, ಆಮೇಲೆ ದುಡ್ಡು ಕೇಳಿ’ ಎನ್ನುತ್ತಾರೆ. ರಿಟರ್ನ್ ತಡ ಮಾಡಿದವರೂ ಇವರೇ, ಬೈಗುಳ ಕೇಳುವವರೂ ಇವರೇ.

ನನಗೆ ಎಲ್ಲಕ್ಕಿಂತ ಅಪಾಯ ಅನ್ನಿಸುವುದು ಮಾತ್ರ ಹೊರೆಯಲ್ಲ. ಬಿಲ್ಲು ಹಾಕುವವರು, ಹಣ ವಸೂಲಿ ಮಾಡುವವರು, ಲೆಕ್ಕ ಬರೆಯುವವರು ಬೇರೆ ಬೇರೆ ಇರಬೇಕು ಎಂಬುದು ಲೆಕ್ಕಪತ್ರದ ಹಳೆಯ ನಿಯಮ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಾಳೆ ನೋಡಲಿ ಎಂಬುದಕ್ಕೆ ಅದು. ಈ ಜಾಹೀರಾತಿನಲ್ಲಿ ಮೂರೂ ಒಬ್ಬರ ಕೈಯಲ್ಲಿದೆ. ಮಾಲೀಕರು ಇದನ್ನು ನಂಬಿಕೆ ಎನ್ನುತ್ತಾರೆ. ಆದರೆ ಗಿರಾಕಿ ಒಂದು ದಿನ ‘18 ಸಾವಿರ ಕ್ಯಾಶ್ ಕೊಟ್ಟಿದ್ದೆನಲ್ಲ’ ಎಂದಾಗ ಪುಸ್ತಕದಲ್ಲಿ ಅದು ಇಲ್ಲದಿದ್ದರೆ, ‘ನನ್ನ ಕೈಗೆ ಬಂದಿಲ್ಲ’ ಎಂದು ತೋರಿಸಲು ಆ ಹುಡುಗಿಗೆ ಎರಡನೆಯವರ ಸಹಿ ಇರುವ ಒಂದು ಚೀಟಿಯೂ ಇರುವುದಿಲ್ಲ. ಗೋದಾಮಿನ ಸ್ಟಾಕ್ ಕಡಿಮೆ ಬಂದಾಗಲೂ ಅಷ್ಟೆ. ‘ಬಿಲ್ಲಿಂಗ್, ಕಲೆಕ್ಷನ್, ಟ್ಯಾಲಿ’ ಎಂಬ ಮೂರು ಮಾತು ಒಂದೇ ಸಾಲಿನಲ್ಲಿ ಕಂಡರೆ ಸಂಬಳಕ್ಕಿಂತ ಮೊದಲು ಇದನ್ನು ಯೋಚಿಸಬೇಕು.

ಇನ್ನು ಸಂಬಳ. 15 ಸಾವಿರ ಎಂದರೆ ಕೈಗೆ ಬರುವುದೋ ಸಿಟಿಸಿಯೋ ಎಂದು ಕೇಳಲು ಸಂಕೋಚ ಬೇಡ. ಸಿಟಿಸಿಯಾದರೆ ಮಾಲೀಕರ ಪಾಲಿನ ಪಿಎಫ್ ಮತ್ತದರ ಖರ್ಚು ಸೇರಿ ಸುಮಾರು ಶೇ 13, ಇಎಸ್‌ಐ ಶೇ 3.25 ಅದರೊಳಗೇ ಇರುತ್ತದೆ. ಅದನ್ನು ತೆಗೆದರೆ ಉಳಿಯುವ ಸಂಬಳ ಸುಮಾರು 12,900. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಶೇ 12, ಇಎಸ್‌ಐ ಶೇ 0.75 ಹೋದರೆ ಕೈಗೆ ಹತ್ತಿರಹತ್ತಿರ 11,250. ಟೂವೀಲರಿನ ಪೆಟ್ರೋಲ್ ಯಾರದು ಎಂದು ಜಾಹೀರಾತು ಹೇಳಿಲ್ಲ. ಸರಿಯಾದ ದರ ತಿಳಿಯಬೇಕಾದರೆ ಅದೇ ಊರಿನಲ್ಲಿ ‘ಬಿಲ್ಲಿಂಗ್’, ‘ಅಕೌಂಟ್ಸ್’, ‘ಕಲೆಕ್ಷನ್’ ಎಂದು ಬೇರೆ ಬೇರೆಯಾಗಿ ಹುಡುಕಿ, ಪ್ರತಿಯೊಂದಕ್ಕೂ ಏನು ಕೊಡುತ್ತಾರೆ ನೋಡಿ. ಇಲ್ಲಿ ಕೊಡುತ್ತಿರುವುದು ಅವುಗಳಲ್ಲಿ ತೀರ ಕಡಿಮೆಯದಕ್ಕೆ ಸಮನಾಗಿದ್ದರೆ ಉಳಿದವೆಲ್ಲ ಪುಕ್ಕಟೆ.

ಎಲ್ಲ ಮಾಲೀಕರೂ ಮೋಸಕ್ಕೆ ಹೀಗೆ ಬರೆಯುವುದಿಲ್ಲ, ಅದನ್ನೂ ಹೇಳಬೇಕು. ಬಿಟ್ಟುಹೋದವರು ಏನೇನು ಮಾಡುತ್ತಿದ್ದರೆಂದು ನೆನಪಾದಂತೆ ಬರೆದು ಹಾಕುವವರೇ ಹೆಚ್ಚು. ಆದ್ದರಿಂದ ಇಂಟರ್‌ವ್ಯೂನಲ್ಲಿ ನಾಲ್ಕು ಮಾತು ಕೇಳಿದರೆ ಚಿತ್ರ ತಿಳಿಯಾಗುತ್ತದೆ. ರಿಟರ್ನ್ ಫೈಲ್ ಮಾಡುವುದು ನಾನಾ, ಆಡಿಟರ್ ಆಫೀಸಾ? ಆಡಿಟರ್ ಮಾಡುವುದಾದರೆ ನಿಮ್ಮದು ಎಂಟ್ರಿ ಕೆಲಸ ಮಾತ್ರ, ಹೊರೆ ಅರ್ಧಕ್ಕರ್ಧ ಇಳಿಯಿತು. ರಿಟರ್ನ್ ತಿಂಗಳಿಗೊಮ್ಮೆಯೋ, ಮೂರು ತಿಂಗಳಿಗೊಮ್ಮೆಯೋ? ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರುವವರು ಮೂರು ತಿಂಗಳ ಪದ್ಧತಿ ಆರಿಸಿಕೊಳ್ಳಬಹುದು. ನಾನು ಬ್ಯಾಂಕಿಗೆ ಹೋದಾಗ ಬಿಲ್ ಯಾರು ಹಾಕುತ್ತಾರೆ ಸಾರ್? ಮುಂಚೆ ಇದ್ದವರು ಎಷ್ಟು ದಿನ ಇದ್ದರು?

‘ಬಿಲ್ಲಿಂಗಿಗೆ ರಮೇಶ ಇದ್ದಾನೆ, ನೀನು ಅವನು ರಜಾ ಹಾಕಿದಾಗ ನೋಡಿದರೆ ಸಾಕಮ್ಮ’ ಎಂದು ಹೆಸರು ಹಿಡಿದು ಉತ್ತರ ಬಂದರೆ ಅದು ಕೆಟ್ಟ ಕೆಲಸವಲ್ಲ, ಕೆಟ್ಟ ಜಾಹೀರಾತು. ‘ಎಲ್ಲಾ ಅಡ್ಜಸ್ಟ್ ಆಗುತ್ತೆ, ನಾವಿಲ್ಲಿ ಒಂದೇ ಮನೆಯವರ ಥರ ಇದ್ದೀವಿ’ ಎಂದು ಬಂದರೆ ಜಾಹೀರಾತಿನಲ್ಲಿ ಬರೆದದ್ದೆಲ್ಲ ನಿಜ. ಅದೇ ಜಾಹೀರಾತು ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಮತ್ತೆ ಕಾಣುತ್ತಿದ್ದರೆ ಕೊನೆಯ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆ.

ಕೆಲಸ ಬೇಕೇಬೇಕು ಎಂಬ ಪರಿಸ್ಥಿತಿಯೂ ಇರುತ್ತದೆ. ಆಗ ಎರಡು ವಿಷಯ ನೇಮಕ ಪತ್ರದಲ್ಲಿ ಬರಲಿ: ಹುದ್ದೆಯ ಮುಖ್ಯ ಕೆಲಸ ಯಾವುದು ಎಂಬುದು, ನಗದಿಗೆ ರಸೀದಿ ಪುಸ್ತಕ ಇಟ್ಟು ಪ್ರತಿ ಸಂಜೆ ಮಾಲೀಕರೋ ಮ್ಯಾನೇಜರೋ ಸಹಿ ಹಾಕುತ್ತಾರೆ ಎಂಬುದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿಯಿದೆ. ಅದಕ್ಕೂ ಮೀರಿ ದುಡಿಸಿಕೊಂಡರೆ ಆ ಹೊತ್ತಿಗೆ ಎರಡರಷ್ಟು ಕೂಲಿ ಕೊಡಬೇಕು. ಹಾಗಾಗಿ ಬಂದ ಹೊತ್ತು, ಹೊರಟ ಹೊತ್ತನ್ನು ಸೇರಿದ ದಿನದಿಂದಲೇ ಸ್ವಂತ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಮೂರು ತಿಂಗಳಾದ ಮೇಲೆ ಸಂಬಳ ಹೆಚ್ಚಿಸಿ ಎಂದು ಕೇಳಲು ಹೋದಾಗ ಆ ಡೈರಿ ಜೊತೆಗಿರಲಿ.