ಗಲ್ಲಾಪೆಟ್ಟಿಗೆಗೆ ರಾತ್ರಿಯ ಸಂದೇಶ

ರಾತ್ರಿ ಒಂಬತ್ತೂವರೆ. ಹಾಲಿನಂಗಡಿಯ ಷಟರ್ ಅರ್ಧ ಇಳಿದಿದೆ. ಮಾಲೀಕರ ಫೋನಿಗೆ ವಾಟ್ಸ್‌ಆ್ಯಪ್ ಸಂದೇಶ: "ಇಂದಿನ ಮಾರಾಟ ₹8,640. ನಗದು 3,120, ಯುಪಿಐ 5,100, ಉದ್ರಿ 420."

ಮುಖ್ಯವಾದದ್ದು ಒಟ್ಟು ಮೊತ್ತವಲ್ಲ, ನಗದಿನ ಅಂಕಿ. ಬೆಳಿಗ್ಗೆ ಚಿಲ್ಲರೆಗೆಂದು ಇಟ್ಟ ₹500 ಸೇರಿಸಿದರೆ ಗಲ್ಲದಲ್ಲಿ ₹3,620 ಇರಬೇಕು. ಎಣಿಸಿದಾಗ ₹3,320 ಸಿಕ್ಕರೆ, ಬ್ರೆಡ್ ತಂದವನಿಗೆ ಕೊಟ್ಟ ಮುನ್ನೂರು ಅಂದೇ ನೆನಪಾಗುತ್ತದೆ. ವಾರದ ಮೇಲೆ ಯಾರಿಗೆ ನೆನಪಿರುತ್ತದೆ?

ಈ ಸಂದೇಶವನ್ನು ಯಾರೂ ಕೂತು ಟೈಪ್ ಮಾಡುವುದಿಲ್ಲ. ಅದರ ಒಕ್ಕಣೆಗೆ ವಾಟ್ಸ್‌ಆ್ಯಪ್‌ನಿಂದ ಮೊದಲೇ ಒಪ್ಪಿಗೆ ಪಡೆದಿರಬೇಕು. ಬಿಲ್ಲಿಂಗ್ ತಂತ್ರಾಂಶ ದಿನದ ಬಿಲ್ಲುಗಳನ್ನು ಕೂಡಿ, ಖಾಲಿ ಜಾಗಗಳಲ್ಲಿ ಅಂಕಿ ತುಂಬುತ್ತದೆ, ಅಷ್ಟೇ.

ಎಡವಟ್ಟಾಗುವುದು ಹೆಚ್ಚಾಗಿ ಗಡಿಯಾರದಲ್ಲಿ. ಅನೇಕ ಸರ್ವರ್‌ಗಳು ಯುಟಿಸಿ ಸಮಯ ಪಾಲಿಸುತ್ತವೆ; ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದನ್ನು ಸರಿಪಡಿಸದಿದ್ದರೆ ಲೆಕ್ಕದ ದಿನ ಬದಲಾಗುವುದು ಮುಂಜಾನೆ 5.30ಕ್ಕೆ. ದಿನಸಿ ಅಂಗಡಿಯವರಿಗೆ ಇದು ಗೊತ್ತೇ ಆಗದು, ಆ ಹೊತ್ತಿಗೆ ಅವರ ಬಾಗಿಲು ತೆರೆದಿರುವುದಿಲ್ಲ. ಐದಕ್ಕೇ ತೆರೆಯುವ ಹಾಲಿನಂಗಡಿಯಲ್ಲಿ ಮಾತ್ರ ಮೊದಲ ಅರ್ಧ ಗಂಟೆಯ ಭರಾಟೆ ನಿನ್ನೆಯ ಲೆಕ್ಕಕ್ಕೆ ಸೇರುತ್ತದೆ. ಪತ್ತೆ ಸುಲಭ: ಅಂದಿನ ಮೊದಲ ಬಿಲ್ಲು ಸಂದೇಶದ ಮೊತ್ತದಲ್ಲಿದೆಯೇ ಎಂದು ಒಮ್ಮೆ ತಾಳೆ ನೋಡಿದರಾಯಿತು.