ಫರಸಿಯ ಮೇಲೆ ಒಂಬೈನೂರ ಮೂವತ್ತು ತೊಗರಿ ಕಾಳು

ಮೇ ತಿಂಗಳ ಒಂದು ಬೆಳಿಗ್ಗೆ ಕಮಲಾಪುರದ ಬಸ್ ನಿಲ್ದಾಣದಲ್ಲಿ ಬಾಳೆ ತೋಟದ ಹಿರಿಯರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಭೂಮಿ ಕಾಯ್ಲಿಕತ್ತದ ಅಂತ ಪೇಪರ್‌ನ್ಯಾಗ ಬರೀತೀರಲ್ಲ ಸರ, ನಿನ್ನೆ ಸಂಜಿಗಿ ಮಳಿ ಬಂದು ಹೆಂಗ ತಂಪಾಗ್ಯಾದ ನೋಡ್ರಿ. ಹೋದ ವರ್ಷ ಇದೇ ದಿನ ಹೊರಗ ನಿಂದ್ರಲಿಕ್ಕೆ ಆಗ್ತಿರಲಿಲ್ಲ. ಎಲ್ಲಿ ಕಾದದ?"

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹೇಳುವಷ್ಟರಲ್ಲಿ ಕಲಬುರಗಿ ಬಸ್ಸು ಬಂತು. ಹುಮನಾಬಾದ್ ರಸ್ತೆಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ. ಅವರ ಗೊಂದಲಕ್ಕೆ ಅವರೊಬ್ಬರೇ ಹೊಣೆಯಲ್ಲ, ನಮ್ಮ ಭಾಷೆಯ ಪಾಲೂ ಇದೆ. ಶಾಲೆಯ ಪುಸ್ತಕ ಹವಾಮಾನ ಬೇರೆ, ವಾಯುಗುಣ ಬೇರೆ ಎಂದು ಕಲಿಸುತ್ತದೆ. ಪತ್ರಿಕೆಗೆ ಬಂದರೆ ಎರಡಕ್ಕೂ ಒಂದೇ ಪದ. ನಾಳೆ ಮಳೆ ಬರುತ್ತದೆಯೇ ಎಂದು ಹೇಳುವುದು 'ಹವಾಮಾನ ಇಲಾಖೆ', ನೂರು ವರ್ಷಗಳಲ್ಲಿ ಭೂಮಿ ಬಿಸಿಯಾದದ್ದು 'ಹವಾಮಾನ ಬದಲಾವಣೆ'. ಹೀಗಿರುವಾಗ ನಿನ್ನೆಯ ಮಳೆಯನ್ನು ನೂರು ವರ್ಷದ ಲೆಕ್ಕಕ್ಕೆ ಸಾಕ್ಷಿಯಾಗಿ ತಂದು ನಿಲ್ಲಿಸಿದರೆ ತಪ್ಪು ಹೇಗಾಗುತ್ತದೆ?

ಪದ ಬೆರೆತರೂ ಬದುಕಿನಲ್ಲಿ ನಾವು ಇವೆರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದೇವೆ. ಮೃಗಶಿರ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರ ಕಳೆಯುವಷ್ಟರಲ್ಲಿ, ಹೊಲ ಹದವಾಗಿರಬೇಕು ಎಂದು ತೊಗರಿ ಬೆಳೆಯುವವರು ಬೀಜ ಹೊಂದಿಸಿಕೊಳ್ಳುತ್ತಾರಲ್ಲ, ಆ ನಂಬಿಕೆ ವಾಯುಗುಣ. ಮಿರಗದ ಮಳೆ ಈ ಸಲ ಕೈಕೊಟ್ಟಿತು ಎಂದರೆ ಅದು ಹವಾಮಾನ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಈ ಆದೇಶ ಹೊರಡಿಸುವವರು ನಾಳೆಯ ಮುನ್ಸೂಚನೆಗಾಗಿ ಕಾಯುವುದಿಲ್ಲ. ಏಪ್ರಿಲ್ ಎಂದರೆ ಇಲ್ಲಿ ಹೇಗಿರುತ್ತದೆ ಎಂಬುದು ಗೊತ್ತಿರುವ ಸಂಗತಿ. ಅದು ವಾಯುಗುಣ ನೋಡಿ ಹೊರಡುವ ಆದೇಶ. ಮನೆಯಿಂದ ಹೊರಡುವಾಗ ಛತ್ರಿ ಹಿಡಿಯಬೇಕೋ ಬೇಡವೋ ಎಂಬುದನ್ನು ಹವಾಮಾನ ನೋಡಿ ತೀರ್ಮಾನಿಸುತ್ತೇವೆ.

ಆದರೆ 'ಹೀಗಿರುತ್ತದೆ' ಎನ್ನುವುದಕ್ಕೆ ಎಷ್ಟು ವರ್ಷ ನೋಡಬೇಕು? ಜಾಗತಿಕ ಹವಾಮಾನ ಸಂಸ್ಥೆಯ ರೂಢಿಯಂತೆ 30 ವರ್ಷ. ಒಂದೆರಡು ವರ್ಷ ನೋಡಿದರೆ ಎಲ್ ನಿನೊದಂಥ ಏರಿಳಿತಗಳು ಲೆಕ್ಕ ಕೆಡಿಸುತ್ತವೆ. ಮೂವತ್ತು ವರ್ಷ ಕೂಡಿಸಿ ಭಾಗಿಸಿದರೆ ಅವು ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ.

ಜೇವರ್ಗಿ ಕಾಲೋನಿಯ ತಂಗಿಯ ಮನೆ ತಲುಪಿದಾಗ ಮಧ್ಯಾಹ್ನ. ಒಂಬತ್ತನೇ ಕ್ಲಾಸಿನ ಅಳಿಯ ರಜೆಯಲ್ಲಿದ್ದ. ಬಸ್ ನಿಲ್ದಾಣದ ಪ್ರಶ್ನೆಯನ್ನು ಅವನಿಗೆ ಹೇಳಿ, ಪಡಸಾಲೆಯ ಶಹಾಬಾದಿ ಫರಸಿಯ ಮೇಲೆ ಚಾಕ್‌ಪೀಸಿನಿಂದ ಸಾಲಾಗಿ ಮನೆ ಬರೆಸಿದೆ. ಎಡದಿಂದ ಬಲಕ್ಕೆ 34, 35, 36 ಎಂದು 46ರವರೆಗೆ. ತಂಗಿಯಿಂದ ಒಂದು ಡಬ್ಬಿ ತೊಗರಿ ಕಾಳು ಇಸಿದುಕೊಂಡೆವು. ಒಂದು ಕಾಳು ಎಂದರೆ ಮೇ ತಿಂಗಳ ಒಂದು ದಿನ. ಮೂವತ್ತು ಮೇ ತಿಂಗಳಿಗೆ 930 ಕಾಳು. ಆ ದಿನದ ಗರಿಷ್ಠ ತಾಪಮಾನ ಎಷ್ಟೋ ಆ ಮನೆಯಲ್ಲಿ ಕಾಳು ಕೂರಬೇಕು.

ದಿನದ ದಾಖಲೆ ನಮ್ಮ ಬಳಿ ಇರಲಿಲ್ಲ, ಲೆಕ್ಕಕ್ಕೆಂದು ಊಹೆಯ ಅಂಕಿ ಹಿಡಿದೆವು. ಕಲಬುರಗಿಯ ಮೇ ತಿಂಗಳಿಗೆ ಒಪ್ಪುವಂತೆ ಸರಾಸರಿ 40 ಡಿಗ್ರಿ. ಮೂರು ದಿನಗಳಲ್ಲಿ ಎರಡು ದಿನ 38ರಿಂದ 42ರ ಒಳಗೇ ಇರುತ್ತವೆ ಎಂದಿಟ್ಟುಕೊಂಡೆವು. ಕಾಳು ಹಾಕುತ್ತ ಹೋದಂತೆ ಕಣದ ಮೇಲಿನ ರಾಶಿಯ ಆಕಾರ ಬಂತು, ನಡುವೆ ಎತ್ತರ, ಎರಡೂ ಬದಿಗೆ ಇಳಿಜಾರು. 40ರ ಮನೆಯಲ್ಲಿ 178 ಕಾಳು. 43ರದರಲ್ಲಿ 41, 44ರದರಲ್ಲಿ 15. 45 ಮತ್ತು ಅದರಾಚೆಗೆ ಎಲ್ಲ ಸೇರಿ ಬರೀ ಆರು. ಎಡಗಡೆಯೂ ಹಾಗೆಯೇ ತೆಳ್ಳಗಾಗುತ್ತ ಹೋಗಿ, 37ಕ್ಕಿಂತ ತಂಪಾದ ದಿನಗಳು 62 ಇದ್ದವು.

ಈಗ ಭೂಮಿ ಒಂದು ಡಿಗ್ರಿ ಕಾಯಿತು ಎನ್ನೋಣ, ಎಲ್ಲ ಕಾಳನ್ನೂ ಒಂದೊಂದು ಮನೆ ಬಲಕ್ಕೆ ಸರಿಸು ಎಂದೆ. ಹುಡುಗ ನನಗಿಂತ ಜಾಣ. "ಕಾಳು ಯಾಕ ಸರಿಸಬೇಕು ಮಾಮಾ? ಅಂಕಿ ಅಳಿಸಿ ಬರದ್ರ ಆಯ್ತಲ್ಲ" ಎಂದು ಒದ್ದೆ ಬಟ್ಟೆ ತಂದು 44ನ್ನು 45 ಮಾಡಿದ, 40ನ್ನು 41 ಮಾಡಿದ. ರಾಶಿ ಇದ್ದಲ್ಲೇ ಇತ್ತು, ಆಕಾರವೂ ಅದೇ. ಆಮೇಲೆ 45ರಾಚೆಯ ಕಾಳುಗಳನ್ನು ಮತ್ತೆ ಎಣಿಸಿದೆವು. ಆರು ಇದ್ದದ್ದು ಇಪ್ಪತ್ತೊಂದಾಗಿತ್ತು.

ನನಗೆ ಹೇಳಬೇಕಿದ್ದದ್ದು ಇಷ್ಟೇ. ಸರಾಸರಿ ಏರಿದ್ದು 40ರಿಂದ 41ಕ್ಕೆ. ಎಣ್ಣೆ ಕಾಯಿಸುವಾಗ ಈ ವ್ಯತ್ಯಾಸ ಕೈಗೂ ಗೊತ್ತಾಗುವುದಿಲ್ಲ. ಆದರೆ ಜನ ತಲೆ ಸುತ್ತಿ ಬೀಳುವ, ದನ ನೀರಿಗೆ ಹಪಹಪಿಸುವ ದಿನಗಳು ಮೂರೂವರೆ ಪಟ್ಟಾದವು. ರಾಶಿಯ ನಡುವೆ ಆದ ಸಣ್ಣ ಬದಲಾವಣೆ ಅಂಚಿನಲ್ಲಿ ದೊಡ್ಡದಾಗುತ್ತದೆ, ಏಕೆಂದರೆ ಅಂಚಿನಲ್ಲಿ ಮೊದಲಿಗೆ ಕಾಳೇ ಕಡಿಮೆ. ಇದು ನಮ್ಮ ಫರಸಿಯ ಆಟಕ್ಕೆ ಮಾತ್ರ ಸೀಮಿತವಲ್ಲ. ಕೈಗಾರಿಕೆಗೆ ಮೊದಲಿನ ಕಾಲದಲ್ಲಿ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ವಿಪರೀತ ಸೆಖೆ, ಭೂಮಿ 1 ಡಿಗ್ರಿ ಕಾದಾಗ ಹತ್ತು ವರ್ಷದಲ್ಲಿ ಸುಮಾರು 2.8 ಸಲ, 1.5 ಡಿಗ್ರಿಗೆ 4.1 ಸಲ, 2 ಡಿಗ್ರಿಗೆ 5.6 ಸಲ ಬರುತ್ತದೆಂದು ವಿಶ್ವಸಂಸ್ಥೆಯ ಐಪಿಸಿಸಿ 2021ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ. ಇದು ಭೂಪ್ರದೇಶಗಳೆಲ್ಲದರ ಸರಾಸರಿ.

ಎಡಗಡೆಯ ಅಂಚನ್ನೂ ಎಣಿಸಿದೆವು. 37ಕ್ಕಿಂತ ತಂಪಾದ ದಿನಗಳು 62ರಿಂದ 21ಕ್ಕೆ ಇಳಿದಿದ್ದವು. ಇಳಿದಿದ್ದವು, ಇಲ್ಲವಾಗಿರಲಿಲ್ಲ. ಕಮಲಾಪುರದ ಹಿರಿಯರು ಕಂಡ ತಂಪು ದಿನ ಈ ಇಪ್ಪತ್ತೊಂದರಲ್ಲಿ ಒಂದು. ಬಿಸಿಯಾದ ಭೂಮಿಯಲ್ಲೂ ಮೇ ತಿಂಗಳಲ್ಲಿ ಮಳೆ ಬರುತ್ತದೆ, ತಣ್ಣನೆಯ ವರ್ಷಗಳೂ ಬರುತ್ತವೆ. ಒಂದು ಕಾಳನ್ನು ಕೈಯಲ್ಲಿ ಹಿಡಿದು ರಾಶಿ ಎತ್ತ ಸರಿದಿದೆ ಎಂದು ಯಾರಿಗೂ ಹೇಳಲಾಗದು. ಇದು ಇನ್ನೊಂದು ಕಡೆಗೂ ಅನ್ವಯಿಸುತ್ತದೆ. ಒಂದು ದಿನ 45 ಡಿಗ್ರಿ ಆಯಿತೆಂದ ಮಾತ್ರಕ್ಕೆ "ನೋಡಿ, ಹವಾಮಾನ ಬದಲಾವಣೆ" ಎಂದು ಬರೆಯುವ ನನ್ನಂಥವರ ಅವಸರವೂ ತಪ್ಪೇ. ಮೊದಲಿನ ರಾಶಿಯಲ್ಲೂ ಅಂಥ ಆರು ಕಾಳಿದ್ದವು.

ನಮ್ಮ ಆಟದ ಮಿತಿಯನ್ನೂ ಹೇಳಿಬಿಡಬೇಕು. ನಿಜವಾದ ರಾಶಿ ಎರಡೂ ಬದಿಗೆ ಸಮವಾಗಿ ಇಳಿಯುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಒಂದೇ ಸಂಜೆಗೆ ಐದಾರು ಡಿಗ್ರಿ ಇಳಿಸಿಬಿಡುವುದರಿಂದ ತಂಪಿನ ಕಡೆಯ ಬಾಲ ಉದ್ದವಿರುತ್ತದೆ. ಅಲ್ಲದೆ ಭೂಮಿಯ ಸರಾಸರಿ ಒಂದು ಡಿಗ್ರಿ ಏರಿದರೆ ಕಲಬುರಗಿಯಲ್ಲೂ ಸರಿಯಾಗಿ ಒಂದೇ ಡಿಗ್ರಿ ಏರುತ್ತದೆ ಎಂದೇನಿಲ್ಲ. ನೆಲ ಕಡಲಿಗಿಂತ ಬೇಗ ಕಾಯುತ್ತದೆ. ಆದರೂ 1901ರಿಂದ 2018ರವರೆಗೆ ಭಾರತದ ಸರಾಸರಿ ಏರಿದ್ದು ಸುಮಾರು 0.7 ಡಿಗ್ರಿ, ಜಗತ್ತಿನ ಸರಾಸರಿಗಿಂತ ಕಡಿಮೆ. ಗಾಳಿಯಲ್ಲಿ ತುಂಬಿದ ಹೊಗೆ ದೂಳಿನ ಕಣಗಳು ಬಿಸಿಲನ್ನು ತಡೆಯುವುದು ಇದಕ್ಕೆ ಒಂದು ಕಾರಣ, ನೀರಾವರಿಯ ತೇವ ಇನ್ನೊಂದು. ಹೊಗೆಯನ್ನು ನಂಬಿ ತಂಪಾಗಿರುವುದು ನೆಮ್ಮದಿಯ ಸಂಗತಿಯೇನಲ್ಲ.

ಅಷ್ಟರಲ್ಲಿ ತಂಗಿ ಮಜ್ಜಿಗೆ ತಂದು ಕೊಡುತ್ತ ಒಂದು ತಕರಾರು ತೆಗೆದಳು. "ಸಿಟಿ ತುಂಬ ಸಿಮೆಂಟ್ ಆಗ್ಯಾದ, ಸೆಖೆ ಆಗದ ಏನಾಗ್ತದ? ಅದಕ್ಕ ಭೂಮಿನೇ ಕಾದದ ಅಂದ್ರ ಹೆಂಗಣ್ಣಾ?" ಇದೂ ಒಳ್ಳೆಯ ಪ್ರಶ್ನೆ. ಸಿಮೆಂಟು, ಡಾಂಬರು ಹಗಲಿಡೀ ಕಾದು ರಾತ್ರಿ ಬಿಸಿ ಉಗುಳುತ್ತವೆ, ಅದಕ್ಕೇ ಕಾಲೋನಿಯ ರಾತ್ರಿ ಕಮಲಾಪುರದ ತೋಟದ ರಾತ್ರಿಯಷ್ಟು ಹಿತವಲ್ಲ. ಹೀಗಾಗಿ ಜಗತ್ತಿನ ಸರಾಸರಿ ತೆಗೆಯುವವರು ಊರೂರಿನ ಡಿಗ್ರಿಗಳನ್ನು ನೇರವಾಗಿ ಕೂಡಿಸುವುದಿಲ್ಲ. ಪ್ರತಿ ಊರನ್ನೂ ಅದರದೇ ಹಳೆಯ ಸರಾಸರಿಯ ಜೊತೆ ಹೋಲಿಸುತ್ತಾರೆ. ಕಾಲೋನಿಯಲ್ಲಿ ವಾಡಿಕೆ 40 ಇದ್ದು ಇಂದು 42 ಆದರೆ ವ್ಯತ್ಯಾಸ ಎರಡು. ತೋಟದಲ್ಲಿ ವಾಡಿಕೆ 38 ಇದ್ದು ಇಂದು 40 ಆದರೂ ವ್ಯತ್ಯಾಸ ಎರಡೇ. ಒಂದು ಊರು ಯಾವಾಗಲೂ ಬಿಸಿ, ಇನ್ನೊಂದು ಯಾವಾಗಲೂ ತಂಪು ಎಂಬುದು ಈ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಮಾಪಕದ ಸುತ್ತ ಊರು ಬೆಳೆದು ಅಂಕಿ ಮೇಲೇರಿದ್ದರೆ, ಸುತ್ತಲಿನ ಹಳ್ಳಿಗಳ ಕೇಂದ್ರಗಳೊಂದಿಗೆ ತಾಳೆ ನೋಡಿ ಸರಿಪಡಿಸುತ್ತಾರೆ. ಇಷ್ಟರ ಮೇಲೆ, ಭೂಮಿಯ ಮೇಲ್ಮೈಯ ಶೇ. 71 ಭಾಗ ಕಡಲು. ಅಲ್ಲಿ ಕಾಲೋನಿಯೂ ಇಲ್ಲ, ಸಿಮೆಂಟೂ ಇಲ್ಲ. ಕಡಲೂ ಕಾದಿದೆ. ಭೂಮಿಗೆ ಸೇರಿದ ಹೆಚ್ಚುವರಿ ಶಾಖದಲ್ಲಿ ಶೇ. 90ಕ್ಕೂ ಹೆಚ್ಚು ಪಾಲನ್ನು ಹೀರಿಕೊಂಡಿರುವುದೇ ಅದು.

ಈ ವ್ಯತ್ಯಾಸಗಳ ಲೆಕ್ಕದಲ್ಲಿ 2024ನೇ ಇಸವಿ 1850ರಿಂದ 1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಹಾಗಾದರೆ ಪ್ಯಾರಿಸ್ ಒಪ್ಪಂದದ 1.5ರ ಗೆರೆ ದಾಟಿತೇ? ಇನ್ನೂ ಇಲ್ಲ. ಆ ಗೆರೆ ಹಲವು ವರ್ಷಗಳ ಸರಾಸರಿಗೆ ಹಾಕಿದ್ದು, 2024 ಒಂದೇ ಕಾಳು. ಅದರ ಬಿಸಿಯಲ್ಲಿ ಎಲ್ ನಿನೊದ ಪಾಲೂ ಇತ್ತು. ಒಂದೂವರೆ ಡಿಗ್ರಿ ಏನು ಮಹಾ ಎನ್ನುವವರಿಗೆ ಇನ್ನೊಂದು ಅಳತೆ ಇದೆ. 20,000 ವರ್ಷಗಳ ಹಿಂದೆ ಕೆನಡಾ ದೇಶ ಕಿಲೋಮೀಟರುಗಟ್ಟಲೆ ದಪ್ಪ ಹಿಮದಡಿ ಮುಚ್ಚಿಹೋಗಿದ್ದಾಗ ಭೂಮಿಯ ಸರಾಸರಿ ಕೈಗಾರಿಕೆಗೆ ಮೊದಲಿನದಕ್ಕಿಂತ ಐದರಿಂದ ಏಳು ಡಿಗ್ರಿಯಷ್ಟೇ ಕಡಿಮೆ ಇತ್ತು.

ಹುಡುಗ ಅಂಕಿ ಅಳಿಸಿ ಬರೆದನಲ್ಲ, ಅಂಥದ್ದೇ ಕೆಲಸವನ್ನು ಹವಾಮಾನ ಕಚೇರಿಗಳೂ ಮಾಡುತ್ತವೆ. ಹತ್ತು ವರ್ಷಕ್ಕೊಮ್ಮೆ 'ವಾಡಿಕೆ'ಯ ಅವಧಿ ಮುಂದೆ ಸರಿಯುತ್ತದೆ. 1981-2010ರ ಜಾಗಕ್ಕೆ ಈಗ 1991-2020 ಬಂದಿದೆ. ಇದರಲ್ಲಿ ಮೋಸವೇನಿಲ್ಲ, ಇಂದಿನ ಬೇಸಾಯಕ್ಕೆ ಇತ್ತೀಚಿನ ವಾಡಿಕೆಯೇ ಬೇಕು. ಆದರೆ ನಮ್ಮ ಬಯಲುಸೀಮೆಯಲ್ಲಿ ಉಷ್ಣ ಅಲೆ ಎಂದು ಸಾರಬೇಕಾದರೆ ತಾಪಮಾನ 40 ಮುಟ್ಟಿ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೇ ನೇರವಾಗಿ 45 ಮುಟ್ಟಬೇಕು. ವಾಡಿಕೆಯೇ ಅರ್ಧ ಡಿಗ್ರಿ ಮೇಲೆ ಸರಿದರೆ, ವ್ಯತ್ಯಾಸ ನೋಡಿ ಹೇಳುವ ಉಷ್ಣ ಅಲೆಗೆ ಅರ್ಧ ಡಿಗ್ರಿ ಹೆಚ್ಚು ಬಿಸಿ ಬೇಕು. ರಸ್ತೆಗೆ ಡಾಂಬರು ಹಾಕುವವನ ಮೈಗೆ ಈ ಲೆಕ್ಕ ಗೊತ್ತಿಲ್ಲ.

ಕಮಲಾಪುರದ ಕೆಂಪು ಬಾಳೆ ನೆಟ್ಟು ಗೊನೆ ಕೈಗೆ ಬರಲು ವರ್ಷ ದಾಟುತ್ತದೆ, ಒಂದು ಮೇ ತಿಂಗಳನ್ನಾದರೂ ಅದು ತೋಟದಲ್ಲೇ ನಿಂತು ಕಳೆಯಲೇಬೇಕು. ಆ ಹಿರಿಯರು ಮತ್ತೆ ಸಿಕ್ಕರೆ ನಿನ್ನೆಯ ಮಳೆಯ ಮಾತು ಬಿಟ್ಟು, ತೋಟ ಹಾಕಿದಾಗಿನಿಂದ ಎಷ್ಟು ಮೇ ತಿಂಗಳಲ್ಲಿ ಎಷ್ಟು ಸಲ ಎಲೆ ಸುಟ್ಟಿತು ಎಂದು ಕೇಳಬೇಕೆಂದಿದ್ದೇನೆ. ಓದುಗರಿಗೂ ಒಂದು ಮಾತು. ಪತ್ರಿಕೆಯಲ್ಲಿ 'ವಾಡಿಕೆಗಿಂತ ಎರಡು ಡಿಗ್ರಿ ಹೆಚ್ಚು' ಎಂದು ಕಂಡಾಗ, ಯಾವ ಮೂವತ್ತು ವರ್ಷಗಳ ವಾಡಿಕೆ ಎಂದು ಕೇಳಿ.